ನನ್ನ ಪಟ್ಟಿಯ ನಂಬರುಗಳನ್ನು ನಾನು ಕೊಡಲಾರೆ

ನಮ್ಮ ರಸ್ತೆಯ ಅಂಗಡಿಗಳ ಎಲ್ಲ ಬಂಧುಗಳಿಗೆ,

ಹೋದ ವಾರ ರಾತ್ರಿ ಷಟರ್ ಎಳೆದ ಮೇಲೆ ಪಾತ್ರೆ ಅಂಗಡಿಯ ಮುಂದೆ ನಿಂತು ನಾವು ಮಾತಾಡಿದ್ದು ನಿಮಗೆ ನೆನಪಿದೆ. ಯುಗಾದಿಗೆ ಮೊದಲು ಹನ್ನೊಂದು ಅಂಗಡಿಗಳವರೂ ತಮ್ಮ ತಮ್ಮ ಗಿರಾಕಿಗಳ ಫೋನ್ ನಂಬರುಗಳನ್ನು ಒಟ್ಟು ಹಾಕಬೇಕು, ರಸ್ತೆಯ ಹೆಸರಿನಲ್ಲಿ ವಾಟ್ಸ್ಆ್ಯಪ್ ಗುಂಪು ಮಾಡಬೇಕು, ದಿನಕ್ಕೆ ಒಂದೊಂದು ಅಂಗಡಿಯ ಆಫರ್ ಹಾಕಬೇಕು ಎಂದು ಜವಳಿ ಅಂಗಡಿಯ ಅಣ್ಣ ಹೇಳಿದರು. ಎರಡು ಸಾವಿರ ನಂಬರಾದರೂ ಆಗುತ್ತದೆ ಎಂದು ಲೆಕ್ಕ ಹಾಕಿದೆವು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಎಲ್ಲರ ಎದುರು ಬೇಡವೆನ್ನಲು ನಾಲಗೆ ಬರದೆ ಒಪ್ಪಿಕೊಂಡುಬಿಟ್ಟಿದ್ದೆ. ಅದನ್ನು ಈಗ ಕಾಗದದಲ್ಲಿ ಹೇಳುತ್ತಿದ್ದೇನೆ: ನನ್ನ ಪಟ್ಟಿಯ ನಂಬರುಗಳನ್ನು ನಾನು ಕೊಡಲಾರೆ. ಏಕೆಂದು ವಿವರವಾಗಿ ಬರೆಯುತ್ತೇನೆ. ಓದಿದ ಮೇಲೆ ನೀವೂ ನಿಮ್ಮ ನಿಮ್ಮ ಪಟ್ಟಿಗಳನ್ನು ಒಮ್ಮೆ ತೆರೆದು ನೋಡಬೇಕೆಂದು ನನ್ನ ಆಸೆ.

ಮೊದಲು ನನ್ನಿಂದಾದ ತಪ್ಪನ್ನು ಹೇಳಬೇಕು. 2020ರ ಲಾಕ್‌ಡೌನ್ ಸಮಯದಲ್ಲಿ ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ, ಹುಳಿಪುಡಿಗೆ ಫೋನಿನಲ್ಲೇ ಆರ್ಡರ್ ತೆಗೆದುಕೊಳ್ಳುತ್ತಿದ್ದೆ. ಮನೆಗೆ ತಲುಪಿಸಲು ನಂಬರ್ ಬೇಕಿತ್ತು, ಜನ ಕೊಟ್ಟರು. ಮರುವರ್ಷ ಆ ಆರ್ಡರ್ ಪುಸ್ತಕವನ್ನು ಎದುರಿಗಿಟ್ಟುಕೊಂಡು ಒಂದೊಂದೇ ನಂಬರ್ ಹಾಕಿ ಗುಂಪು ಮಾಡಿದೆ. ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ನೋಡನೋಡುತ್ತ 386 ಜನರಾದರು. ಬೆಳಗ್ಗೆ ಒಂದು ಶುಭೋದಯ, ಮಧ್ಯಾಹ್ನ ಬಾಣಲೆಯಿಂದ ಇಳಿದ ನಿಪ್ಪಟ್ಟಿನ ಫೋಟೋ, ಸಂಜೆ ಉಳಿದ ಮಾಲಿಗೆ ಕಡಿಮೆ ಬೆಲೆ. 2024ರ ಶ್ರಾವಣದಲ್ಲಿ ಒಂದೇ ವಾರಕ್ಕೆ 19 ಸಂದೇಶ ಹಾಕಿದ್ದೆ. ಆಮೇಲೆ ಎಣಿಸಿದಾಗ ನನಗೇ ಗಾಬರಿಯಾಯಿತು.

ಜನ ಗುಂಪು ಬಿಟ್ಟು ಹೋಗುತ್ತಿದ್ದರು. 2022ರಿಂದ ಈಚೆಗೆ ವಾಟ್ಸ್ಆ್ಯಪ್‌ನಲ್ಲಿ ಗುಂಪು ಬಿಟ್ಟರೆ ಸೂಚನೆ ಅಡ್ಮಿನ್‌ಗೆ ಮಾತ್ರ ಹೋಗುತ್ತದೆ, ಉಳಿದವರಿಗೆ ಹೋಗುವುದಿಲ್ಲ. ನನಗೆ ತಿಳಿಯುತ್ತಿತ್ತು. ಕೈ ತಪ್ಪಿ ಬಿಟ್ಟಿರಬೇಕು ಎಂದುಕೊಂಡು ಅಂಗಡಿಯ ಹುಡುಗ ಅವರನ್ನು ಮತ್ತೆ ಸೇರಿಸುತ್ತಿದ್ದ, ನಾನು ಸುಮ್ಮನಿದ್ದೆ. ಹಾಗೆ ಎರಡು ಸಲ ಸೇರಿಸಲ್ಪಟ್ಟ ಒಬ್ಬ ನರ್ಸ್ ಕೊನೆಗೆ ಅಂಗಡಿಯ ನಂಬರನ್ನೇ ಬ್ಲಾಕ್ ಮಾಡಿದರು. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮಲಗುವವರು ಅವರು. ಬ್ಲಾಕ್ ಆದ ಮೇಲೆ, ಅವರು ದುಡ್ಡು ಕೊಟ್ಟು ಹೇಳಿಟ್ಟಿದ್ದ ಖರ್ಜಿಕಾಯಿ ಸಿದ್ಧವಾಗಿದೆ ಎನ್ನುವ ಸಂದೇಶವೂ ಹೋಗಲಿಲ್ಲ. ಡಬ್ಬ ಮೂರು ದಿನ ಅಂಗಡಿಯಲ್ಲೇ ಕೂತಿತ್ತು.

ಇದಕ್ಕಿಂತ ದೊಡ್ಡದು 2024ರ ನವರಾತ್ರಿಯಲ್ಲಿ ಆಯಿತು. ಗುಂಪಿನಲ್ಲಿರುವ ಪ್ರತಿಯೊಬ್ಬರಿಗೂ ಉಳಿದೆಲ್ಲರ ನಂಬರ್ ಕಾಣುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಅಡ್ಮಿನ್ ಮಾತ್ರ ಬರೆಯಬಹುದು ಎಂದು ಸೆಟ್ಟಿಂಗ್ ಹಾಕಿದರೂ ನಂಬರುಗಳು ಮುಚ್ಚಿಹೋಗುವುದಿಲ್ಲ. ನಮ್ಮ ಗುಂಪಿನಲ್ಲಿದ್ದ ಯಾರೋ ಒಬ್ಬರು ಅಲ್ಲಿಂದ ಹೆಣ್ಣುಮಕ್ಕಳ ನಂಬರುಗಳನ್ನು ತೆಗೆದುಕೊಂಡು ರಾತ್ರಿ ಸಂದೇಶ ಕಳಿಸತೊಡಗಿದರು. ಹಾಸ್ಟೆಲಿನಲ್ಲಿ ಓದುತ್ತಿದ್ದ ಒಬ್ಬ ಹುಡುಗಿ ತನ್ನ ತಾಯಿಯ ಜೊತೆ ಅಂಗಡಿಗೆ ಬಂದಳು. ತಾಯಿ ಜಗಳವಾಡಲಿಲ್ಲ. "ಅಮ್ಮಾ, ಇವಳು ನಿಮ್ಮಲ್ಲಿ ಕಾಲು ಕೆಜಿ ಚಟ್ನಿಪುಡಿ ತಗೊಂಡಿದ್ದಳು. ಅಷ್ಟಕ್ಕೆ ಅವಳ ನಂಬರನ್ನ ನಾನೂರು ಜನಕ್ಕೆ ಕೊಟ್ಟುಬಿಟ್ಟಿರಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಮಾತನ್ನು ಇಟ್ಟುಕೊಂಡು ನಮ್ಮ ಹೊಸ ಯೋಜನೆಯನ್ನು ನೋಡಿ. ಒಂದು ಗುಂಪಿಗೆ 1,024 ಜನ ಹಿಡಿಯುತ್ತಾರೆ. ಎರಡು ಸಾವಿರ ನಂಬರಿಗೆ ಎರಡು ಗುಂಪು ಬೇಕು. ಒಂದೊಂದರಲ್ಲೂ ಸಾವಿರ ಜನ ಅಪರಿಚಿತರ ನಂಬರ್ ಸಾವಿರ ಜನರ ಕೈಯಲ್ಲಿರುತ್ತದೆ. ನಮ್ಮಲ್ಲಿ ಒಬ್ಬರದು ಮೆಡಿಕಲ್ ಸ್ಟೋರ್. ಅಲ್ಲಿ ಮಾತ್ರೆಗೆಂದು ಕೊಟ್ಟ ನಂಬರ್ ಬಳೆ ಅಂಗಡಿಯ ಪಟ್ಟಿಗೆ ಬಂದರೆ ಆ ಗಿರಾಕಿ ಏನೆಂದುಕೊಳ್ಳಬೇಕು? ಕೋಡುಬಳೆಗೆಂದು ನನಗೆ ಕೊಟ್ಟ ನಂಬರ್ ಕೋಡುಬಳೆಯ ಮಟ್ಟಿಗೆ ಮಾತ್ರ ನನ್ನದು. ಅದನ್ನು ಬೇರೆಯವರಿಗೆ ಕೊಡುವ ಹಕ್ಕು ನನಗಿಲ್ಲ.

2025ರ ಜನವರಿಯಲ್ಲಿ ನನ್ನ ಆ ಗುಂಪನ್ನು ಮುಚ್ಚಿದೆ. ಮುಚ್ಚುವ ಮೊದಲು ಒಂದೇ ಒಂದು ಸಂದೇಶ ಹಾಕಿದ್ದೆ. ನಿಮಗೆ ಬೇಕಾಗಬಹುದೆಂದು ಇದ್ದ ಹಾಗೆಯೇ ಕೊಡುತ್ತೇನೆ:

"ನಮಸ್ಕಾರ. ಈ ಗುಂಪಿಗೆ ನಿಮ್ಮನ್ನು ಕೇಳದೆ ಸೇರಿಸಿದ್ದೆವು, ಕ್ಷಮಿಸಿ. ಇದೇ 31ಕ್ಕೆ ಗುಂಪು ಮುಚ್ಚುತ್ತೇವೆ. ಇನ್ನು ಮುಂದೆ ಕೇಳಿದವರಿಗೆ ಮಾತ್ರ ಸಂದೇಶ, ಅದೂ ಅವರೊಬ್ಬರಿಗೇ ಕಾಣುವಂತೆ. ಹಬ್ಬದ ತಿಂಡಿಯ ಸುದ್ದಿ ಬೇಕಿದ್ದವರು ಅಂಗಡಿಯ ಈ ನಂಬರನ್ನು ಸೇವ್ ಮಾಡಿಕೊಂಡು 'ಹಬ್ಬ' ಎಂದು ನಮಗೆ ಪ್ರತ್ಯೇಕವಾಗಿ ಕಳಿಸಿ. ಬೇಡದವರು ಏನೂ ಮಾಡಬೇಕಾಗಿಲ್ಲ."

ಕೊನೆಯ ಸಾಲನ್ನು ಬರೆಯಲು ಧೈರ್ಯ ಬೇಕಾಯಿತು. "ಬೇಡದವರು ತಿಳಿಸಿ, ಇಲ್ಲವಾದರೆ ಮುಂದುವರಿಸುತ್ತೇವೆ" ಎಂದು ಬರೆಯೋಣ ಎಂದು ನನ್ನ ತಮ್ಮನ ಮಗ ಹೇಳಿದ. ಹಾಗೆ ಬರೆದಿದ್ದರೆ 386ರಲ್ಲಿ 350 ಜನ ಉಳಿಯುತ್ತಿದ್ದರೇನೋ. ಮೌನಂ ಸಮ್ಮತಿ ಲಕ್ಷಣಂ ಎನ್ನುವ ಮಾತು ಮದುವೆ ಮಾತುಕತೆಗೆ ಸರಿಯಿದ್ದೀತು, ಇಲ್ಲಿ ನಡೆಯುವುದಿಲ್ಲ. ಸಂದೇಶವನ್ನೇ ನೋಡದವರು, ನೋಡಿ ಬೇಸತ್ತವರು, ಗುಂಪನ್ನು ಮ್ಯೂಟ್ ಮಾಡಿ ಮರೆತವರು, ಎಲ್ಲರೂ ಮೌನವಾಗಿಯೇ ಇರುತ್ತಾರೆ. ಮೂರು ವಾರದಲ್ಲಿ 'ಹಬ್ಬ' ಎಂದು ಕಳಿಸಿದವರು 148 ಜನ. ಅಷ್ಟೇ ಜನರಿಂದ ಶುರುಮಾಡಿದೆ.

ಅವರಾಗಿಯೇ ಕಳಿಸಲಿ ಎಂದು ಏಕೆ ಹಟ ಹಿಡಿದೆ ಎನ್ನುವುದು ಈ ಕಾಗದದ ಮುಖ್ಯ ಮಾತು. ನಮ್ಮ ಕಡೆ ಗಿರಾಕಿಗೆ ಅಂಗಡಿಯವರ ಮುಖ ಪರಿಚಯವಿರುತ್ತದೆ. "ಅಕ್ಕಾ, ನಿಮ್ಮ ನಂಬರ್ ಹಾಕಿಕೊಳ್ಳಲಾ, ಆಫರ್ ಕಳಿಸ್ತೀನಿ" ಎಂದು ಕಾಲು ಕೆಜಿ ತೂಗುತ್ತ ಕೇಳಿದರೆ ಯಾರು ತಾನೆ ಬೇಡ ಅನ್ನುತ್ತಾರೆ? ಹಿಂದೆ ನಾಲ್ಕು ಜನ ನಿಂತಿರುತ್ತಾರೆ, ನಾಳೆ ಮತ್ತೆ ಇದೇ ರಸ್ತೆಯಲ್ಲಿ ಮುಖ ನೋಡಬೇಕು. ದಾಕ್ಷಿಣ್ಯಕ್ಕೆ ಹೂಂ ಅನ್ನುತ್ತಾರೆ. ಹಾಗೆ ಹೂಂ ಅಂದವರು ಮೊದಲ ವಾರದಲ್ಲೇ ಮ್ಯೂಟ್ ಮಾಡುತ್ತಾರೆ, ಎರಡನೆಯ ತಿಂಗಳಲ್ಲಿ ಬ್ಲಾಕ್ ಮಾಡುತ್ತಾರೆ. ಕೆಲವರು ಅಂಗಡಿಯನ್ನೇ ಬದಲಾಯಿಸುತ್ತಾರೆ. ಏಕೆಂದರೆ ಸಂದೇಶ ಬೇಡವೆಂದು ಹೇಳುವುದಕ್ಕಿಂತ ಬೇರೆ ಅಂಗಡಿಗೆ ಹೋಗುವುದು ಅವರಿಗೆ ಸುಲಭ. ಹೋದ ವಾರ ನಿಮ್ಮೆದುರು ನಾನೂ ಹಾಗೆಯೇ ತಲೆಯಾಡಿಸಿದ್ದೆನಲ್ಲ.

ಅದಕ್ಕೇ ನಾನು ಬಾಯಲ್ಲಿ ಕೇಳುವುದನ್ನು ಬಿಟ್ಟಿದ್ದೇನೆ. ತಕ್ಕಡಿಯ ಪಕ್ಕದಲ್ಲಿ ಒಂದು ಚಿಕ್ಕ ಬೋರ್ಡ್ ಇದೆ, ಅದೇ ಬರಹ ಬಿಲ್ಲಿನ ಹಿಂದೆಯೂ ಇದೆ. ಗಿರಾಕಿ ಮನೆಗೆ ಹೋಗಿ, ಬೇಕೆನಿಸಿದರೆ, ಯಾರ ಮುಖವನ್ನೂ ನೋಡದೆ ಕಳಿಸಬಹುದು. ಬೋರ್ಡಿನ ಬರಹ ಹೀಗಿದೆ:

"ಹಬ್ಬದ ತಿಂಡಿಗೆ ಆರ್ಡರ್ ಶುರುವಾದಾಗ ವಾಟ್ಸ್ಆ್ಯಪ್‌ನಲ್ಲಿ ತಿಳಿಯಬೇಕೆ? ಅಂಗಡಿಯ ನಂಬರ್ ಸೇವ್ ಮಾಡಿ 'ಹಬ್ಬ' ಎಂದು ಕಳಿಸಿ. ವರ್ಷಕ್ಕೆ ಆರು ಹಬ್ಬ, ಹಬ್ಬಕ್ಕೆ ಹೆಚ್ಚೆಂದರೆ 2 ಸಂದೇಶ. ಶನಿವಾರದ ತಾಜಾ ಪಟ್ಟಿ ಬೇಕಿದ್ದರೆ 'ವಾರ' ಎಂದು ಕಳಿಸಿ: ವಾರಕ್ಕೆ 1 ಸಂದೇಶ. ನಿಮ್ಮ ನಂಬರ್ ಬೇರೆ ಯಾರಿಗೂ ಕಾಣುವುದಿಲ್ಲ, ಬೇರೆ ಯಾರಿಗೂ ಕೊಡುವುದಿಲ್ಲ. ನಿಲ್ಲಿಸಲು ಯಾವಾಗ ಬೇಕಾದರೂ 'ಮೆಸೇಜ್ ಬೇಡ' ಎಂದು ಕಳಿಸಿ. ಸೇರದಿದ್ದರೂ ಬೆಲೆ, ಆರ್ಡರ್, ಮನೆಗೆ ತಲುಪಿಸುವುದು ಎಲ್ಲ ಒಂದೇ."

ಕೊನೆಯ ವಾಕ್ಯವನ್ನು ಬಿಡಬೇಡಿ. ಪಟ್ಟಿಗೆ ಸೇರಿದವರಿಗೆ ಮಾತ್ರ ಹತ್ತು ರೂಪಾಯಿ ಕಡಿಮೆ ಎಂದರೆ ಅದೂ ಒಂದು ಒತ್ತಾಯವೇ. ಹತ್ತು ರೂಪಾಯಿಗಾಗಿ ಸೇರಿದವರು ಸುದ್ದಿಗಾಗಿ ಉಳಿಯುವುದಿಲ್ಲ.

ಈಗ ನಾನು ಬಳಸುವುದು ಗುಂಪಲ್ಲ, ಬ್ರಾಡ್‌ಕಾಸ್ಟ್ ಪಟ್ಟಿ. ನಾನು ಒಮ್ಮೆ ಕಳಿಸಿದ್ದು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ, ಅವರ ಉತ್ತರ ನನಗೊಬ್ಬಳಿಗೇ ಬರುತ್ತದೆ. ಒಂದು ಪಟ್ಟಿಗೆ 256 ಜನ ಮಾತ್ರ. ನಮ್ಮಂಥ ಅಂಗಡಿಗೆ ಅದು ಸಾಲುತ್ತದೆ. ಇನ್ನೊಂದು ನಿಯಮವನ್ನು ನಮ್ಮಲ್ಲಿ ಬಹಳ ಜನ ತೊಂದರೆ ಎಂದುಕೊಂಡಿದ್ದಾರೆ: ನನ್ನ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತದೆ. ನನಗೆ ಅದು ತೊಂದರೆ ಅನಿಸಲಿಲ್ಲ. ನಂಬರ್ ಸೇವ್ ಮಾಡಿ, ತಾನಾಗಿ ಒಂದು ಮಾತು ಬರೆದು ಕಳಿಸಿದವರು ಎರಡು ಸಲ ಒಪ್ಪಿದಂತೆ. ಬರೆದುಕೊಳ್ಳುವಾಗ ಅಂಕಿ ತಪ್ಪುವ ಭಯವೂ ಇಲ್ಲ. ಯಾವತ್ತು ಒಪ್ಪಿದರು ಎಂಬುದಕ್ಕೆ ಅವರದೇ ಸಂದೇಶ ತಾರೀಖಿನ ಸಮೇತ ಉಳಿಯುತ್ತದೆ.

ಮೊದಲ ಬ್ರಾಡ್‌ಕಾಸ್ಟ್ ಕಳಿಸಿದಾಗ 148ರಲ್ಲಿ 131 ಜನರಿಗೆ ತಲುಪಿತು. ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ಅದರ ಮಾಹಿತಿ ತೆರೆದರೆ ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಎಂದು ಕಾಣುತ್ತದೆ. ನೀಲಿ ಗುರುತನ್ನು ಆಫ್ ಮಾಡಿಟ್ಟವರು ಓದಿದರೂ ಓದಿದವರ ಸಾಲಿಗೆ ಬರುವುದಿಲ್ಲ, ಹಾಗಾಗಿ ಓದಿದವರ ಲೆಕ್ಕವನ್ನು ನಾನು ನಂಬುವುದಿಲ್ಲ. ತಲುಪಿದ ಲೆಕ್ಕವನ್ನು ನೋಡುತ್ತೇನೆ. ತಲುಪದ 17 ಜನ ನಂಬರ್ ಸೇವ್ ಮಾಡಿಲ್ಲದಿರಬಹುದು, ಫೋನ್ ಬದಲಾಯಿಸಿರಬಹುದು, ಬ್ಲಾಕ್ ಮಾಡಿರಬಹುದು. ಮೂರಕ್ಕೂ ಒಂದೇ ಗುರುತು, ಒಂಟಿ ಬೂದು ಟಿಕ್. ಯಾವುದೆಂದು ಹೊರಗಿನಿಂದ ಹೇಳಲಾಗದು. ಫೋನ್ ಮಾಡಿ ವಿಚಾರಿಸಲು ಹೋಗಬೇಡಿ. ಸತತ ಮೂರು ಸಂದೇಶ ತಲುಪದಿದ್ದರೆ ನಾನು ಆ ಹೆಸರನ್ನು ಪಟ್ಟಿಯಿಂದ ತೆಗೆಯುತ್ತೇನೆ. ಬೇಕಾದವರು ಅಂಗಡಿಗೆ ಬಂದಾಗ "ಈ ಸಲ ಸುದ್ದಿ ಬರಲಿಲ್ಲವಲ್ಲ" ಎಂದು ತಾವೇ ಕೇಳುತ್ತಾರೆ. ಆಗ ನಂಬರ್ ಸೇವ್ ಆಗಿದೆಯೇ ಎಂದು ನೋಡಿಕೊಂಡರೆ ಆಯಿತು.

ಇನ್ನು ಎಷ್ಟು ಸಲ ಕಳಿಸಬೇಕು ಎನ್ನುವ ಮಾತು. ಮೊದಲು ನಾನು ಬೋರ್ಡಿನಲ್ಲಿ "ತಿಂಗಳಿಗೆ 2 ಸಂದೇಶ" ಎಂದು ಬರೆದಿದ್ದೆ. ಕೇಳಲು ಚೆನ್ನಾಗಿತ್ತು. ಆದರೆ ಪಂಚಾಂಗ ತೆರೆದು ನೋಡಿದಾಗ ಅದು ನಡೆಯುವ ಮಾತಲ್ಲ ಎಂದು ಗೊತ್ತಾಯಿತು. 2025ರಲ್ಲಿ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 8ಕ್ಕೆ, ಗೌರಿ ಹಬ್ಬ 26ಕ್ಕೆ ಬಂತು. ನನ್ನ ಕೆಲಸದಲ್ಲಿ ಒಂದು ಹಬ್ಬಕ್ಕೆ ಎರಡು ಸುದ್ದಿ ಬೇಕೇ ಬೇಕು: ಏಳು ದಿನ ಮೊದಲು ಆರ್ಡರ್ ಶುರುವಾಯಿತು ಎಂದು, ಮೂರು ದಿನ ಮೊದಲು ಆರ್ಡರ್ ಇವತ್ತಿಗೆ ಮುಗಿಯುತ್ತದೆ ಎಂದು. ಆಮೇಲೆ ಹಿಟ್ಟು ಬೀಸಿಸಿ, ಕೆಲಸದವರನ್ನು ಗೊತ್ತುಮಾಡಿ, ಒಲೆ ಹಚ್ಚಬೇಕು. ಆ ಲೆಕ್ಕದಲ್ಲಿ ಆಗಸ್ಟ್ 1, 5, 19, 23, ಒಟ್ಟು ನಾಲ್ಕು ಸಂದೇಶ ಒಂದೇ ತಿಂಗಳಿಗೆ ಬಿದ್ದವು. ಕೊಟ್ಟ ಮಾತು ಮೊದಲ ಶ್ರಾವಣದಲ್ಲೇ ಮುರಿಯುತ್ತಿತ್ತು. ಅದಕ್ಕೆ ಬೋರ್ಡನ್ನು "ಹಬ್ಬಕ್ಕೆ ಹೆಚ್ಚೆಂದರೆ 2" ಎಂದು ಬದಲಿಸಿದೆ. ಸಂಕ್ರಾಂತಿ, ಯುಗಾದಿ, ವರಮಹಾಲಕ್ಷ್ಮಿ, ಗೌರಿ-ಗಣೇಶ, ಆಯುಧಪೂಜೆ, ದೀಪಾವಳಿ ಎಂಬ ಆರು ಹಬ್ಬಕ್ಕೆ ವರ್ಷಕ್ಕೆ 12 ಸಂದೇಶ. ಅದರ ಮೇಲೆ ಒಂದೂ ಇಲ್ಲ. ನೀವು ಮಾತು ಕೊಡುವ ಮೊದಲು ನಿಮ್ಮ ವ್ಯಾಪಾರದ ಅತ್ಯಂತ ಬಿರುಸಿನ ತಿಂಗಳನ್ನು ಎದುರಿಗಿಟ್ಟುಕೊಂಡು ಎಣಿಸಿ. ಜವಳಿಗೆ ಅದು ಮದುವೆ ತಿಂಗಳಿರಬಹುದು, ಪುಸ್ತಕದಂಗಡಿಗೆ ಜೂನ್.

ಎರಡನೆಯ ಸಂದೇಶವನ್ನು ಎಲ್ಲರಿಗೂ ಕಳಿಸುವುದಿಲ್ಲ ಎನ್ನುವುದನ್ನೂ ಹೇಳಬೇಕು. ಆಗಲೇ ಆರ್ಡರ್ ಕೊಟ್ಟವರಿಗೆ "ಇವತ್ತೇ ಕೊನೆ, ಬೇಗ ಹೇಳಿ" ಎಂದು ಹೋದರೆ ಅವರಿಗೆ ಗಾಬರಿಯಾಗುತ್ತದೆ. ನನ್ನ ಆರ್ಡರ್ ಬರೆದುಕೊಂಡಿಲ್ಲವೇ ಎಂದು ಫೋನ್ ಮಾಡುತ್ತಾರೆ. ಕೊಟ್ಟವರ ಹೆಸರನ್ನು ಬಿಟ್ಟು ಉಳಿದವರಿಗೆ ಬೇರೆ ಪಟ್ಟಿ ಮಾಡಿಕೊಳ್ಳಲು ಹದಿನೈದು ನಿಮಿಷ ಸಾಕು. ಸಮಯದ ವಿಷಯದಲ್ಲಿ, ಬೆಳಗ್ಗೆ ಹನ್ನೊಂದಕ್ಕೆ ಮೊದಲು ಮತ್ತು ರಾತ್ರಿ ಎಂಟರ ನಂತರ ನಮ್ಮ ಅಂಗಡಿಯಿಂದ ಏನೂ ಹೋಗುವುದಿಲ್ಲ. ಶುಭೋದಯದ ಚಿತ್ರ, ಅಂಗಡಿಯ ಹೆಸರು ಹಾಕಿದ ಹಬ್ಬದ ಶುಭಾಶಯ, ಇವೂ ಲೆಕ್ಕಕ್ಕೆ ಸೇರುತ್ತವೆ. ಹೂವಿನ ಚಿತ್ರವಿದ್ದರೂ ಕೆಳಗೆ ಅಂಗಡಿಯ ಹೆಸರಿದ್ದರೆ ಅದು ಜಾಹೀರಾತೇ.

ಇನ್ನೊಂದು ಕಡೆ ನಾವು ತಿಳಿಯದೆ ಜಾರುತ್ತೇವೆ. "ನಿಮ್ಮ ಆರ್ಡರ್ ಸಿದ್ಧವಾಗಿದೆ, 420 ರೂಪಾಯಿ, ಏಳು ಗಂಟೆಯೊಳಗೆ ಬನ್ನಿ" ಎನ್ನುವುದು ಗಿರಾಕಿ ಕಾಯುತ್ತಿರುವ ಸುದ್ದಿ. ಅದಕ್ಕೆ ಪಟ್ಟಿಯ ಒಪ್ಪಿಗೆ ಬೇಕಿಲ್ಲ, ಲೆಕ್ಕಕ್ಕೂ ಸೇರದು. ಅದರ ಬಾಲಕ್ಕೆ "ಹಾಗೆಯೇ ಈ ವಾರ ರವೆ ಉಂಡೆಗೆ ಹತ್ತು ರೂಪಾಯಿ ಕಡಿಮೆ" ಎಂದು ಅಂಟಿಸಿದ ಕೂಡಲೇ ಅದು ಜಾಹೀರಾತಾಗುತ್ತದೆ. ಎಸ್ಸೆಮ್ಮೆಸ್‌ನಲ್ಲಿ ಸರ್ಕಾರವೇ ಈ ಗೆರೆ ಎಳೆದಿದೆ. ಕಂಪನಿಗಳಿಂದ ನಿಮ್ಮ ಫೋನಿಗೆ ಬರುವ ಎಸ್ಸೆಮ್ಮೆಸ್‌ಗಳ ಹೆಸರಿನ ತುದಿ ನೋಡಿ. ಟ್ರಾಯ್ 2025ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಜಾಹೀರಾತಿಗೆ `-P`, ಸೇವೆಯ ಸುದ್ದಿಗೆ `-S` ಎಂದು ಇರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಅಂಥ ಗುರುತಿಲ್ಲ. ಗೆರೆಯನ್ನು ನಾವೇ ಹಾಕಿಕೊಳ್ಳಬೇಕು.

ನಿಲ್ಲಿಸುವ ಮಾತಿಗೆ ಬರುತ್ತೇನೆ. ಇದರಲ್ಲಿ ನಾನು ಎರಡು ಸಲ ತಿದ್ದಿಕೊಳ್ಳಬೇಕಾಯಿತು. ಊಟದ ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಅಂದರೆ ಬಡಿಸುವವರು ಮುಂದೆ ಹೋಗುತ್ತಾರೆ, ಆ ಮಾತು ಎಲ್ಲರಿಗೂ ಸಲೀಸು ಎಂದುಕೊಂಡು ಮೊದಲು 'ಸಾಕು' ಎಂಬ ಪದವನ್ನೇ ಇಟ್ಟಿದ್ದೆ. ಒಂದು ವಾರ ಕಳೆಯುವಷ್ಟರಲ್ಲಿ ಹುಡುಗ ನಾಲ್ಕು ಜನರನ್ನು ಪಟ್ಟಿಯಿಂದ ತೆಗೆದಿದ್ದ. ತೆರೆದು ನೋಡಿದರೆ ಅವರು ಬರೆದದ್ದು "ಅರ್ಧ ಕೆಜಿ ಸಾಕು" ಎಂದು! ಆರ್ಡರೂ ಹೋಯಿತು, ಹೆಸರೂ ಹೋಯಿತು. ಆಮೇಲೆ 'ಬೇಡ' ಎಂದು ಬದಲಿಸಿದೆ. "ಖಾರ ಜಾಸ್ತಿ ಬೇಡ", "ಬೆಳ್ಳುಳ್ಳಿ ಬೇಡ" ಎಂದು ಬರತೊಡಗಿದವು. ತಿಂಡಿ ಅಂಗಡಿಯಲ್ಲಿ ಸಾಕು, ಬೇಡ ಎರಡೂ ದಿನಬಳಕೆಯ ಮಾತು. ಕೊನೆಗೆ 'ಮೆಸೇಜ್ ಬೇಡ' ಎಂಬ ಎರಡು ಪದಕ್ಕೆ ಬಂದು ನಿಂತೆ. ನಿಮ್ಮ ಅಂಗಡಿಯ ಆರ್ಡರುಗಳಲ್ಲಿ ಬಾರದ ಪದವನ್ನು ನೀವೂ ಹುಡುಕಿಕೊಳ್ಳಿ.

ಪದ ಯಾವುದೇ ಇರಲಿ, ಜನ ಅದನ್ನೇ ಬರೆಯುವುದಿಲ್ಲ. ಕನ್ನಡ ಕೀಬೋರ್ಡ್ ಇಲ್ಲದವರು `message beda` ಎನ್ನುತ್ತಾರೆ, ಕೆಲವರು `stop` ಎನ್ನುತ್ತಾರೆ. ವಯಸ್ಸಾದವರು ಧ್ವನಿ ಸಂದೇಶ ಕಳಿಸುತ್ತಾರೆ: "ಇಷ್ಟೊಂದು ಕಳಿಸಬೇಡಮ್ಮ, ಫೋನ್ ತುಂಬಿಹೋಗುತ್ತೆ." ಅದೂ 'ಮೆಸೇಜ್ ಬೇಡ' ಎಂದೇ ಅರ್ಥ. ಪದ ಸರಿಯಿಲ್ಲ ಎಂದು ಮುಂದುವರಿಸುವ ಹಾಗಿಲ್ಲ. ಮಗ ಬಂದು "ಅಮ್ಮನಿಗೆ ಕಳಿಸಬೇಡಿ" ಎಂದರೂ ಆಯಿತು, ಸಂದೇಹವಿದ್ದರೆ ತೆಗೆಯುವ ಕಡೆಗೇ ವಾಲಬೇಕು. ಅದೇ ದಿನ ತೆಗೆದು ಒಂದೇ ಉತ್ತರ ಕಳಿಸುತ್ತೇನೆ:

"ಸರಿ, ನಿಮ್ಮ ನಂಬರನ್ನು ಪಟ್ಟಿಯಿಂದ ತೆಗೆದಿದ್ದೇವೆ. ಹಬ್ಬದ ಸುದ್ದಿ ಇನ್ನು ಬರುವುದಿಲ್ಲ. ನೀವು ಆರ್ಡರ್ ಕೊಟ್ಟಾಗ ಅದರ ಬಗ್ಗೆ ಮಾತ್ರ ತಿಳಿಸುತ್ತೇವೆ."

ಅಲ್ಲಿಗೆ ಮುಗಿಯಿತು. ಏಕೆಂದು ಕೇಳುವುದಿಲ್ಲ. ಕೊನೆಯದಾಗಿ ಒಂದು ಆಫರ್ ಎಂದು ಸೇರಿಸುವುದಿಲ್ಲ. ಮರುದಿನ ಅವರು ಅಂಗಡಿಗೆ ಬಂದರೆ ಆ ಮಾತನ್ನು ಎತ್ತುವುದೂ ಇಲ್ಲ. ಇದನ್ನು ಅಂಗಡಿಯ ಹುಡುಗರಿಗೆ ಬಿಡಿಸಿ ಹೇಳಬೇಕು. "ಏನಕ್ಕಾ, ನಮ್ಮ ಮೆಸೇಜ್ ಬೇಡ ಅಂದ್ರಂತೆ" ಎಂದು ಒಬ್ಬ ಪ್ರೀತಿಯಿಂದ ಕೇಳಿದರೂ ಆ ಗಿರಾಕಿಗೆ ಮುಜುಗರವಾಗುತ್ತದೆ. ಪ್ರತಿ ಸಂದೇಶದ ಕೊನೆಯಲ್ಲಿಯೂ "ಇನ್ನು ಬೇಡವಾದರೆ 'ಮೆಸೇಜ್ ಬೇಡ' ಎಂದು ಕಳಿಸಿ" ಎಂಬ ಒಂದು ಸಾಲು ಇರಬೇಕು. ವರ್ಷದ ಹಿಂದೆ ನೋಡಿದ ಬೋರ್ಡ್ ಯಾರಿಗೂ ನೆನಪಿರುವುದಿಲ್ಲ.

ತೆಗೆದ ನಂಬರುಗಳನ್ನು ಅಳಿಸಿ ಮರೆತುಬಿಡಬೇಡಿ. ನನ್ನಲ್ಲಿ ಹಾಗಾಯಿತು. ಕಳೆದ ಜೂನ್‌ನಲ್ಲಿ ಫೋನ್ ಬದಲಾಯಿಸಿದಾಗ ಹುಡುಗ ಹಳೆಯ ಆರ್ಡರ್ ಪುಸ್ತಕ ನೋಡಿ ಹೊಸ ಪಟ್ಟಿ ಮಾಡಿದ. ಬೇಡ ಅಂದಿದ್ದ ಆರು ಜನ ಮತ್ತೆ ಒಳಗೆ ಬಂದುಬಿಟ್ಟರು. ಈಗ ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದೇನೆ. ನಂಬರ್, ಸೇರಿದ ತಾರೀಖು, ಹಬ್ಬವೋ ವಾರವೋ, ಬಿಟ್ಟ ತಾರೀಖು ಎಂದು ನಾಲ್ಕು ಕಾಲಂ. ಬಿಟ್ಟವರ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದಿರುತ್ತೇನೆ, ಹರಿದು ಬಿಸಾಡುವುದಿಲ್ಲ. ಯಾವ ಹೊಸ ಪಟ್ಟಿ ಮಾಡಿದರೂ ಮೊದಲು ಆ ಕೆಂಪು ಗೆರೆಗಳನ್ನು ನೋಡಿಯೇ ಮಾಡಬೇಕು.

ವ್ಯಾಪಾರ ಏನಾಯಿತು ಎಂದು ನೀವು ಕೇಳುತ್ತೀರಿ. 2024ರ ಗೌರಿ ಹಬ್ಬಕ್ಕೆ 386 ಜನರ ಗುಂಪಿನಿಂದ 74 ಆರ್ಡರ್ ಬಂದಿದ್ದವು. 2025ರಲ್ಲಿ 148 ಜನರಿಂದ ಶುರುವಾದ ಪಟ್ಟಿಯಿಂದ 81 ಬಂದವು. ಏಳು ಆರ್ಡರ್ ಹೆಚ್ಚಾದದ್ದು ಪಟ್ಟಿಯಿಂದಲೇ ಎಂದು ನಾನು ಹೇಳಲಾರೆ, ಆ ವರ್ಷ ಹೊಸದಾಗಿ ಎಳ್ಳುಂಡೆಯನ್ನೂ ಮಾಡಿದ್ದೆ. ಆದರೆ ಅರ್ಧಕ್ಕಿಂತ ಹೆಚ್ಚು ಜನರನ್ನು ಬಿಟ್ಟುಕೊಟ್ಟು ನಾನು ಏನನ್ನೂ ಕಳೆದುಕೊಳ್ಳಲಿಲ್ಲ ಎಂದು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಕಾಶವಿದೆ. ಒಪ್ಪಿಗೆ ಒತ್ತಾಯವಿಲ್ಲದೆ ಕೊಟ್ಟದ್ದಾಗಿರಬೇಕು, ಇಂಥದ್ದಕ್ಕೆ ಎಂದು ಗೊತ್ತಿದ್ದು ಕೊಟ್ಟದ್ದಾಗಿರಬೇಕು, ವ್ಯಕ್ತಿ ತಾನಾಗಿ ಏನಾದರೂ ಮಾಡಿ ತೋರಿಸಿದ್ದಾಗಿರಬೇಕು ಎಂದು ಅದು ಹೇಳುತ್ತದೆ. ಕೊಡುವುದು ಎಷ್ಟು ಸುಲಭವೋ ಹಿಂದೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು. ಒಪ್ಪಿಗೆ ಕೇಳುವ ಬರಹ ಕನ್ನಡದಲ್ಲಿ ಬೇಕೆಂದರೆ ಗಿರಾಕಿಗೆ ಆ ಅವಕಾಶವೂ ಇರಬೇಕು. ವಾಟ್ಸ್ಆ್ಯಪ್ ಕೂಡ ವ್ಯಾಪಾರಿಗಳಿಗೆ ಹೇಳುವುದು ಇದನ್ನೇ: ನಂಬರ್ ಕೊಟ್ಟು, ಸಂದೇಶಕ್ಕೆ ಒಪ್ಪಿದವರಿಗೆ ಮಾತ್ರ ಬರೆಯಿರಿ, ನಿಲ್ಲಿಸಿ ಅಂದರೆ ನಿಲ್ಲಿಸಿ. ತುಂಬ ಜನ ರಿಪೋರ್ಟ್ ಮಾಡಿದರೆ ನಂಬರೇ ನಿಂತುಹೋಗಬಹುದು. ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲಿರುವ ನಂಬರ್ ನಿಂತರೆ ನಮ್ಮ ಗತಿ ಏನೆಂದು ಯೋಚಿಸಿ. ಇಷ್ಟಾದರೂ ನಾನು ಬದಲಾದದ್ದು ಕಾನೂನಿಗೆ ಹೆದರಿ ಅಲ್ಲ. ಆ ತಾಯಿ ಕೇಳಿದ ಪ್ರಶ್ನೆಗೆ.

ರಸ್ತೆಗೆಲ್ಲ ಸೇರಿ ಒಂದು ಸುದ್ದಿಯ ದಾರಿ ಇರಬೇಕು ಎನ್ನುವ ಅಣ್ಣನ ಆಸೆ ತಪ್ಪಲ್ಲ. ಅದಕ್ಕೆ ಯಾರ ಹಳೆಯ ಪಟ್ಟಿಯೂ ಬೇಕಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಚಾನೆಲ್ ಎಂಬುದಿದೆ. 2023ರಿಂದ ನಮ್ಮಲ್ಲೂ ಸಿಗುತ್ತದೆ. ನಮ್ಮ ರಸ್ತೆಯ ಹೆಸರಿನಲ್ಲಿ ಒಂದು ಚಾನೆಲ್ ಮಾಡಿ, ಅದರ ಕ್ಯೂಆರ್ ಚಿತ್ರವನ್ನು ಹನ್ನೊಂದು ಅಂಗಡಿಗಳಲ್ಲೂ ಅಂಟಿಸೋಣ. ಬೇಕಾದವರು ಫೋನ್ ಹಿಡಿದು ತಾವೇ ಸೇರುತ್ತಾರೆ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಬೇಡವಾದ ದಿನ ಒಂದು ಒತ್ತು ಒತ್ತಿ ಹೊರಗೆ ಹೋಗಬಹುದು, ಯಾರಿಗೂ ಹೇಳಬೇಕಿಲ್ಲ, ಯಾರ ದಾಕ್ಷಿಣ್ಯವೂ ಇಲ್ಲ. ಇದರಲ್ಲಿ ಕೊರತೆಯೂ ಇದೆ. ಚಾನೆಲ್ಲಿನ ಸುದ್ದಿ ಬೇರೆಯದೇ ಪುಟದಲ್ಲಿ ಬೀಳುತ್ತದೆ, ಎಷ್ಟೋ ಜನ ಆ ಕಡೆ ನೋಡುವುದೇ ಇಲ್ಲ. ಅಲ್ಲೇ ಉತ್ತರ ಬರೆದು ಆರ್ಡರ್ ಕೊಡಲೂ ಆಗದು. ಹಾಗಾಗಿ ಆರ್ಡರ್ ತೆಗೆದುಕೊಳ್ಳುವ ನನ್ನಂಥವರಿಗೆ ನಮ್ಮ ಸ್ವಂತ ಚಿಕ್ಕ ಪಟ್ಟಿ ಬೇಕಾಗುತ್ತದೆ. ರಸ್ತೆಯ ಚಾನೆಲ್‌ಗೆ ವಾರಕ್ಕೆ ಎರಡು ಸುದ್ದಿ ಸಾಕು ಎನ್ನುವುದು ನನ್ನ ಸಲಹೆ. ಹನ್ನೊಂದು ಅಂಗಡಿಗಳಿಗೆ ಸರದಿ ಹಾಕಿದರೆ ಒಬ್ಬೊಬ್ಬರಿಗೆ ಐದೂವರೆ ವಾರಕ್ಕೊಮ್ಮೆ ಬರುತ್ತದೆ. ಕಡಿಮೆಯಾಯಿತು ಎನಿಸಬಹುದು. ದಿನಕ್ಕೊಂದರಂತೆ ಹಾಕಿದರೆ ಎರಡನೆಯ ವಾರ ಅದನ್ನು ಓದಲು ಯಾರು ಉಳಿಯುತ್ತಾರೆ ಎಂದು ನನ್ನ 19 ಸಂದೇಶಗಳ ವಾರವನ್ನು ನೆನೆದು ಹೇಳುತ್ತಿದ್ದೇನೆ.

ನಿಮ್ಮಲ್ಲಿ ಯಾರಾದರೂ ಆಗಲೇ ಹುಡುಗರ ಕೈಯಲ್ಲಿ ನಂಬರುಗಳನ್ನು ಬರೆಸಿ ಕೊಟ್ಟಿದ್ದರೆ ದಯವಿಟ್ಟು ಆ ಹಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಭಾನುವಾರ ಮಧ್ಯಾಹ್ನ ಮತ್ತೆ ಸೇರುತ್ತೇವಲ್ಲ, ಆಗ ನನ್ನ ನೋಟ್‌ಬುಕ್ಕನ್ನು ತರುತ್ತೇನೆ. ನಂಬರಿನ ಕಾಲಂ ಮೇಲೆ ಬಿಳಿ ಕಾಗದ ಅಂಟಿಸಿರುತ್ತೇನೆ. ಉಳಿದ ಮೂರು ಕಾಲಂಗಳನ್ನು ನೋಡಿ, ನಿಮ್ಮ ಅಂಗಡಿಗೆ ಹೇಗೆ ಬೇಕೋ ಹಾಗೆ ಗೆರೆ ಹಾಕಿಕೊಳ್ಳಿ.

ನಿಮ್ಮ ರಸ್ತೆಯ ತಿಂಡಿ ಅಂಗಡಿಯವಳು,
ಮೈಸೂರು